ಧನ್ಯನು ದಡ್ಡನಾದ ದಾರಿ

ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಲು ಸೇರಿದ ಎರಡನೆಯ ವರ್ಷ ನಾನು ತರಗತಿಯಲ್ಲಿ ಕೊಟ್ಟ ಒಂದು ತಪ್ಪು ಉತ್ತರ ಇಂದಿಗೂ ನನ್ನನ್ನು ಕಾಡುತ್ತದೆ. ಶೇಕ್ಸ್‌ಪಿಯರನ ಆರನೆಯ ಹೆನ್ರಿ ನಾಟಕದ ಮೂರನೆಯ ಭಾಗದಿಂದ ಆಯ್ದ ಒಂದು ಸ್ವಗತ ನಮಗೆ ಪಠ್ಯವಾಗಿತ್ತು. 1461ರ ಟೌಟನ್ ಕದನ ನಡೆಯುತ್ತಿರುವಾಗ ಯುದ್ಧ ಬೇಡವಾದ ದೊರೆ ಹೆಗ್ಗಣವೆಬ್ಬಿಸಿದಂಥ ಒಂದು ಮಣ್ಣುಗುಪ್ಪೆಯ ಮೇಲೆ ಒಬ್ಬನೇ ಕುಳಿತು, ತಾನು ಅರಸನಾಗುವುದರ ಬದಲು ಕುರುಬನಾಗಿ ಹುಟ್ಟಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಂಬಲಿಸುತ್ತಾನೆ. ಮುಳ್ಳುಪೊದೆಯ ನೆರಳಿನಲ್ಲಿ ಕುಳಿತು ತನ್ನ 'ಸಿಲ್ಲಿ' ಕುರಿಗಳನ್ನು ನೋಡುವ ಕುರುಬನಿಗೆ, ಪ್ರಜೆಗಳ ದ್ರೋಹಕ್ಕೆ ಅಂಜುವ ದೊರೆಯ ಜರತಾರಿ ಮೇಲ್ಕಟ್ಟಿಗಿಂತ ಆ ಪೊದೆಯೇ ತಂಪಲ್ಲವೇ ಎಂದು ಕೇಳುತ್ತಾನೆ. ಆ ಮಾತು ಬಂದಾಗ ತರಗತಿ ನಕ್ಕಿತು. ಹಿಂದಿನ ಬೆಂಚಿನ ಹುಡುಗನೊಬ್ಬ, ಕುರಿ ದಡ್ಡ ಪ್ರಾಣಿ ಎಂದು ದೊರೆ ಹೇಳುತ್ತಿದ್ದಾನೆಯೇ ಎಂದು ಕೇಳಿದ. ಹೌದು, ಕುರಿಗೆ ಬುದ್ಧಿ ಕಡಿಮೆ ಎಂಬ ನಂಬಿಕೆ ಅಲ್ಲಿಯೂ ಇದೆ ಎಂದು ಹೇಳಿ ನಾನು ಮುಂದಕ್ಕೆ ಹೋದೆ. ಅಷ್ಟು ಹೊತ್ತೂ ದುಃಖದಿಂದ ಹರಿದುಬಂದ ಮಾತಿನ ನಡುವೆ ದೊರೆ ಕುರಿಯನ್ನು ಏಕೆ ಹಂಗಿಸಬೇಕು ಎಂಬ ಪ್ರಶ್ನೆ ನನಗೆ ಅಂದು ಹೊಳೆಯಲಿಲ್ಲ.

ವಾಸ್ತವದಲ್ಲಿ ಉತ್ತರ ಆ ವಾಕ್ಯದಲ್ಲಿಯೇ ಇತ್ತು. ದೊರೆ ಎದುರುಬದುರು ಇಟ್ಟು ತೂಗುತ್ತಿರುವುದು ಕುರಿ ಹಾಗೂ ಪ್ರಜೆಗಳನ್ನು. ಪ್ರಜೆಗಳಲ್ಲಿರುವುದು ದ್ರೋಹ, ಹಾಗಾದರೆ ಕುರಿಗಳಲ್ಲಿರುವುದು ದ್ರೋಹವಿಲ್ಲದಿರುವಿಕೆ. ಅಲ್ಲಿ ಸಿಲ್ಲಿ ಎಂದರೆ ದಡ್ಡ ಎಂದಲ್ಲ, ಯಾರಿಗೂ ಕೇಡು ಬಗೆಯದ, ತನ್ನನ್ನು ತಾನು ಕಾಪಾಡಿಕೊಳ್ಳಲೂ ಆಗದ ಸಾಧು ಜೀವಿ ಎಂದು. ಹಳೆಯ ಪಠ್ಯವೊಂದರಲ್ಲಿ ಪರಿಚಿತ ಶಬ್ದವೊಂದು ಸ್ವಲ್ಪ ಅಪಸ್ವರವಾಗಿ ಕೇಳಿಸಿದರೆ ಅದರ ಎದುರಿಗೆ ಯಾವ ಶಬ್ದವಿದೆ, ಪಕ್ಕದಲ್ಲಿ ಯಾವುದಿದೆ ಎಂದು ನೋಡಬೇಕು ಎಂಬುದನ್ನು ನಾನು ಕಲಿತದ್ದು ಈ ತಪ್ಪಿನಿಂದ. ಅಪರಿಚಿತ ಶಬ್ದ ನಮ್ಮನ್ನು ಮೋಸಗೊಳಿಸುವುದಿಲ್ಲ, ಅದು ಬಂದಾಗ ನಾವು ನಿಘಂಟು ತೆಗೆಯುತ್ತೇವೆ. ನಮ್ಮನ್ನು ದಾರಿ ತಪ್ಪಿಸುವುದು ಗೊತ್ತಿದೆ ಎಂದುಕೊಂಡ ಶಬ್ದವೇ.

ಸೇಲಿ ಎಂಬ ಬಡಗಿ

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ 'ಸ್ಯಾಲ್' ಎಂಬ ನಾಮಪದವಿತ್ತು. ಕಾಲ, ತಕ್ಕ ಸಮಯ, ಒದಗಿಬಂದ ಗಳಿಗೆ, ಅದರಿಂದಾಗಿ ಭಾಗ್ಯ ಹಾಗೂ ಸಂತೋಷ, ಇವೆಲ್ಲ ಅದರ ಅರ್ಥಗಳು. ನಾವು ಕಾಲ ಕೂಡಿಬಂತು ಎನ್ನುವಾಗ ಕಾಲ ಎಂಬ ಶಬ್ದದೊಳಗೆ ಅದೃಷ್ಟ ಬಂದು ಕೂರುತ್ತದಲ್ಲ, ಹಾಗೆ. ಈ ಸ್ಯಾಲ್ ಉಳ್ಳವನು 'ಗೆಸ್ಯಾಲಿಗ್', ಎಂದರೆ ಭಾಗ್ಯವಂತ, ಧನ್ಯ. ಇಂದಿನ ಸಿಲ್ಲಿ ಹುಟ್ಟಿದ್ದು ಇದರಿಂದಲೇ. ಅದೇ ಬುಡದಿಂದ ಬಂದ ಜರ್ಮನ್ 'ಸೇಲಿಗ್' ಇಂದಿಗೂ ಅಲ್ಲಿಂದ ಹೆಚ್ಚು ದೂರ ಹೋಗಿಲ್ಲ. ಮಾರ್ಟಿನ್ ಲೂಥರನ ಬೈಬಲ್ ಅನುವಾದದಲ್ಲಿ ಯೇಸುವಿನ ಗಿರಿಪ್ರಸಂಗದ ಮೊದಲ ಕೆಲವು ವಾಕ್ಯಗಳು ಆರಂಭವಾಗುವುದು ಆ ಶಬ್ದದಿಂದಲೇ. ಆತ್ಮದಲ್ಲಿ ಬಡವರಾಗಿರುವವರು ಸೇಲಿಗ್, ಧನ್ಯರು. ತೀರಿಕೊಂಡವರನ್ನು ನೆನೆಯುವಾಗ, ನಾವು ಕೈಲಾಸವಾಸಿಗಳು ಎನ್ನುವಂತೆ, ಜರ್ಮನರು ಅದನ್ನೇ ಹೆಸರಿಗೆ ಸೇರಿಸುತ್ತಾರೆ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬ ದೇವರ ಮನೆಯಲ್ಲಿ ಉಳಿದ, ಇನ್ನೊಬ್ಬ ಕ್ರಿಕೆಟ್ ಮೈದಾನದಲ್ಲಿ ಬ್ಯಾಟ್ಸ್‌ಮನ್ನನ ಮೂಗಿನ ಕೆಳಗೆ ಹೋಗಿ ನಿಂತ. (ಸಿಲ್ಲಿ ಪಾಯಿಂಟಿನಲ್ಲಿ ನಿಲ್ಲುವುದು ಮೂರ್ಖತನವೆನಿಸುವಷ್ಟು ಅಪಾಯಕರ ಎಂಬ ಕಾರಣಕ್ಕೇ ಆ ಜಾಗಕ್ಕೆ ಆ ಹೆಸರು. ಅಲ್ಲಿ ನಿಂತವನಿಗೆ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಮಾತ್ರ ಹಳೆಯ ಅರ್ಥದ ಸ್ಯಾಲ್.)

ಇಂಗ್ಲಿಷಿನ ಶಬ್ದ ಕೆಳಗಿಳಿದ ಮೆಟ್ಟಿಲುಗಳನ್ನು ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಮೆಟ್ಟಿಲೂ ಸಹಜವಾಗಿದೆ. ಭಾಗ್ಯವಂತ ಎಂದರೆ ದೇವರ ಕೃಪೆ ಇರುವವನು. ದೇವರ ಕೃಪೆ ಇರುವವನು ಭಕ್ತ, ನಿಷ್ಪಾಪಿ. ನಿಷ್ಪಾಪಿಗಳಿಗೇ ಈ ಲೋಕದಲ್ಲಿ ಕಷ್ಟ ಹೆಚ್ಚು ಎಂಬುದು ಸಂತರ ಕಥೆಗಳನ್ನು ಕೇಳಿ ಬೆಳೆದ ಜನರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ, ಆದ್ದರಿಂದ ನಿಷ್ಪಾಪಿಯು ಕನಿಕರಕ್ಕೆ ಪಾತ್ರನಾದವನು. ಕನಿಕರಕ್ಕೆ ಪಾತ್ರನಾದವನು ದುರ್ಬಲ, ಅಸಹಾಯಕ, ಲೋಕದ ವ್ಯವಹಾರ ತಿಳಿಯದವನು. ಅಲ್ಲಿಂದ ದಡ್ಡನಿಗೆ ಒಂದೇ ಹೆಜ್ಜೆ. ದಡ್ಡ ಎಂಬ ಅರ್ಥ ಖಚಿತವಾಗಿ ಕಾಣಿಸಿಕೊಳ್ಳುವುದು ಹದಿನಾರನೆಯ ಶತಮಾನದಲ್ಲಿ. ಅಷ್ಟರಲ್ಲಿ ಶಬ್ದದ ಉಚ್ಚಾರವೂ ಸೇಲಿ, ಸೀಲಿ ಎಂದೆಲ್ಲ ಹಾದು ಸಿಲ್ಲಿ ಎಂದು ಮೊಟಕಾಗಿತ್ತು. ಇಷ್ಟನ್ನು ಯಾವ ನಿಘಂಟಾದರೂ ಹೇಳುತ್ತದೆ. ನಿಘಂಟು ಅರ್ಥಗಳಿಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕುವುದರಿಂದ, ಜನರು ಒಂದು ದಿನ ಮೊದಲ ಅರ್ಥವನ್ನು ಬಿಟ್ಟು ಎರಡನೆಯದಕ್ಕೆ ಬಂದರು ಎಂಬ ಭ್ರಮೆ ಹುಟ್ಟುತ್ತದೆ. ನಡೆದದ್ದು ಹಾಗಲ್ಲ. ಅರ್ಥ ಬದಲಾಗುವುದು ಎರಡೂ ಅರ್ಥಗಳು ಒಪ್ಪುವಂಥ ವಾಕ್ಯಗಳಲ್ಲಿ. ಹೇಳಿದವನು ಒಂದನ್ನು ಮನಸ್ಸಿನಲ್ಲಿಟ್ಟು ಹೇಳುತ್ತಾನೆ, ಕೇಳಿದವನು ಇನ್ನೊಂದನ್ನು ತೆಗೆದುಕೊಳ್ಳುತ್ತಾನೆ, ಮಾತುಕತೆ ಎಲ್ಲಿಯೂ ಮುರಿಯದೆ ಸಾಗುತ್ತದೆ, ಯಾರಿಗೂ ಏನೋ ಆಯಿತು ಎಂಬ ಅರಿವೇ ಆಗುವುದಿಲ್ಲ.

ಅಂಥ ವಾಕ್ಯಗಳನ್ನು ಹುಡುಕಲು ಚಾಸರನಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಅವನು ಬರೆದ ಗಿರಣಿಯವನ ಕಥೆಯಲ್ಲಿ ಮುದುಕ ಬಡಗಿಯೊಬ್ಬನಿದ್ದಾನೆ. ಅವನಿಗೆ ಹರೆಯದ ಹೆಂಡತಿ. ಮನೆಯಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗೆ ಅವಳ ಮೇಲೆ ಕಣ್ಣು. ಜ್ಯೋತಿಷ ಓದಿದ ಆ ವಿದ್ಯಾರ್ಥಿ ಕೋಣೆಯ ಬಾಗಿಲು ಹಾಕಿಕೊಂಡು, ಪ್ರಜ್ಞೆ ತಪ್ಪಿದವನಂತೆ ಬಾಯಿ ತೆರೆದು ಮೇಲೆ ನೋಡುತ್ತ ಕುಳಿತುಬಿಡುತ್ತಾನೆ. ಬಡಗಿ ಅವನಿಗಾಗಿ ನಿಜವಾಗಿಯೂ ಮರುಗುತ್ತಾನೆ. ದೇವರ ಗುಟ್ಟನ್ನು ಕೆದಕಲು ಹೋದದ್ದಕ್ಕೆ ಹೀಗಾಯಿತು, ತನ್ನ ನಂಬಿಕೆಯೊಂದನ್ನು ಬಿಟ್ಟು ಬೇರೇನೂ ತಿಳಿಯದ ಅವಿದ್ಯಾವಂತನೇ ಧನ್ಯ ಎಂದು ಸಮಾಧಾನ ಹೇಳಿಕೊಳ್ಳುತ್ತಾನೆ. ವಿದ್ಯಾರ್ಥಿ ಆಮೇಲೆ ಎಚ್ಚೆತ್ತವನಂತೆ ನಟಿಸಿ, ನೋಹನ ಕಾಲದ್ದಕ್ಕಿಂತಲೂ ದೊಡ್ಡ ಪ್ರಳಯ ಬರಲಿದೆ, ಮರದ ತೊಟ್ಟಿಗಳನ್ನು ಮಾಡಿನ ಜಂತಿಗೆ ನೇತುಹಾಕಿ ಅದರಲ್ಲಿ ಮಲಗಬೇಕು ಎನ್ನುತ್ತಾನೆ. ಬಡಗಿ ತನಗಾಗಿ ಅಲ್ಲ, ಹೆಂಡತಿ ಮುಳುಗಿಹೋದಾಳು ಎಂದು ನಡುಗಿ, ತೊಟ್ಟಿಗಳನ್ನು ಕಟ್ಟಿ, ದಣಿದು ನಿದ್ದೆ ಹೋಗುತ್ತಾನೆ. ಉಳಿದ ಇಬ್ಬರು ಕೆಳಗಿಳಿದು ಬರುತ್ತಾರೆ.

ಈ ಬಡಗಿಯನ್ನು ಚಾಸರ್ ಮತ್ತೆ ಮತ್ತೆ 'ಸೇಲಿ' ಬಡಗಿ ಎಂದು ಕರೆಯುತ್ತಾನೆ. ಅದಕ್ಕೆ ಏನೆಂದು ಅರ್ಥ ಹೇಳಬೇಕು? ಧನ್ಯ ಎನ್ನಬಹುದು, ಏಕೆಂದರೆ ಅವಿದ್ಯಾವಂತನೇ ಧನ್ಯ ಎಂದು ಅವನೇ ಈಗಷ್ಟೇ ಹೇಳಿದ್ದಾನೆ. ನಿಷ್ಕಪಟಿ ಎನ್ನಬಹುದು, ಆ ಮನೆಯಲ್ಲಿ ಕಪಟವಿಲ್ಲದವನು ಅವನೊಬ್ಬನೇ. ಬಡಪಾಯಿ ಎನ್ನಬಹುದು, ಕಥೆಯ ಕೊನೆಗೆ ಕೈ ಮುರಿದುಕೊಂಡು, ಊರವರಿಂದ ಹುಚ್ಚನೆನಿಸಿಕೊಂಡು ಬಿದ್ದಿರುವವನೂ ಅವನೇ. ಪೆದ್ದ ಎನ್ನುವುದಕ್ಕಂತೂ ಯಾರ ಅಡ್ಡಿಯೂ ಇಲ್ಲ. ನಾಲ್ಕು ಅರ್ಥಗಳಲ್ಲಿ ಯಾವುದನ್ನು ಇಟ್ಟರೂ ವಾಕ್ಯ ಕೆಡುವುದಿಲ್ಲ. ಚಾಸರನ ತುಂಟತನವಿರುವುದೂ ಅಲ್ಲಿಯೇ ಎಂದು ನನಗನಿಸುತ್ತದೆ. ಆಧುನಿಕ ಮುದ್ರಣಗಳು ಪುಟದ ಅಂಚಿನಲ್ಲಿ ಒಂದೇ ಒಂದು ಅರ್ಥ ಕೊಟ್ಟಾಗ ನಾನು ಪೆನ್ಸಿಲಿನಿಂದ ಉಳಿದವನ್ನೂ ಬರೆದುಕೊಳ್ಳುತ್ತೇನೆ.

ಇದಕ್ಕೆ ಎದುರಾಗಿ, ಅರ್ಥ ಒಂದು ಕಡೆಗೆ ನೆಲೆ ನಿಂತ ವಾಕ್ಯ ಹೇಗಿರುತ್ತದೆ ಎಂಬುದನ್ನು 1611ರ ಇಂಗ್ಲಿಷ್ ಬೈಬಲಿನಲ್ಲಿ ನೋಡಬಹುದು. ಹೋಶೇಯನ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಎಫ್ರಾಯಿಮನನ್ನು ಹೃದಯವಿಲ್ಲದ 'ಸಿಲ್ಲಿ' ಪಾರಿವಾಳಕ್ಕೆ ಹೋಲಿಸಲಾಗಿದೆ. ಪಾರಿವಾಳ ಎಂದೊಡನೆ ಸಾಧು, ನಿರುಪದ್ರವಿ ಎಂಬ ಹಳೆಯ ಅರ್ಥವೇ ಮೊದಲು ಬರುತ್ತದೆ. ಆದರೆ ಹೀಬ್ರೂ ಭಾಷೆಯಲ್ಲಿ ಹೃದಯವೆಂದರೆ ಬುದ್ಧಿಯ ನೆಲೆ. ಹೃದಯವಿಲ್ಲದ್ದು ಎಂದರೆ ನಿರ್ದಯಿ ಎಂದಲ್ಲ, ವಿವೇಕವಿಲ್ಲದ್ದು ಎಂದು. ಜೊತೆಗೆ ಅದು ಒಮ್ಮೆ ಈಜಿಪ್ಟಿನವರನ್ನು ಕರೆಯುತ್ತದೆ, ಇನ್ನೊಮ್ಮೆ ಅಸ್ಸೀರಿಯದ ಕಡೆಗೆ ಓಡುತ್ತದೆ ಎಂಬ ದೂರು ಬೇರೆ. ಅಲ್ಲಿಗೆ ಸಾಧುತನದ ಬಾಗಿಲು ಮುಚ್ಚಿತು, ಉಳಿದದ್ದು ತಿಳಿಗೇಡಿತನ. ಶೇಕ್ಸ್‌ಪಿಯರನ ಕುರಿಗೂ ಈ ಪಾರಿವಾಳಕ್ಕೂ ನಡುವೆ ಇರುವ ಅಂತರ ಸುಮಾರು ಇಪ್ಪತ್ತು ವರ್ಷ ಮಾತ್ರ. ಎರಡು ಅರ್ಥಗಳೂ ಒಂದೇ ಊರಿನಲ್ಲಿ, ಒಂದೇ ತಲೆಮಾರಿನ ಬಾಯಲ್ಲಿ ಕೂಡಿ ಬಾಳುತ್ತಿದ್ದವು. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟನ್ನು ಹೊರತಂದಾಗಲೂ ಈ ಶಬ್ದಕ್ಕೆ ನಿರುಪದ್ರವಿ ಎಂಬ ಅರ್ಥವನ್ನು ಮೊದಲು ಕೊಟ್ಟು, ಬುದ್ಧಿಹೀನ ಎಂಬುದನ್ನು ಆಮೇಲೆ ಇಟ್ಟ.

ನಮ್ಮ ಹುಡುಗ ಪಾಪದವ

ಈ ದಾರಿಯ ನಡುವಿನ ಮೆಟ್ಟಿಲು, ಎಂದರೆ ಕನಿಕರ, ಎಷ್ಟು ಮುಖ್ಯ ಎಂಬುದು ನನಗೆ ಪುಸ್ತಕದಿಂದ ತಿಳಿಯಲಿಲ್ಲ. ನಾನು ಪುತ್ತೂರಿನ ಕಡೆಯವನು, ನನ್ನ ಹೆಂಡತಿ ಧಾರವಾಡದವಳು. ಮದುವೆಯ ಮಾತುಕತೆಗೆಂದು ಅವರ ಮನೆಗೆ ಹೋಗಿದ್ದಾಗ ನನ್ನ ತಾಯಿ ಹೆಣ್ಣಿನ ಅಜ್ಜಿಯ ಪಕ್ಕ ಕುಳಿತು, ತುಂಬ ಆತ್ಮೀಯವಾಗಿ, "ನಮ್ಮ ಹುಡುಗ ಪಾಪದವ, ಯಾರ ತಂಟೆಗೂ ಹೋಗುವವನಲ್ಲ" ಎಂದರು. ಅಜ್ಜಿಯ ಮುಖ ಸಪ್ಪಗಾದದ್ದನ್ನು ನಾನು ನೋಡಿದೆ, ಕಾರಣ ತಿಳಿಯಲಿಲ್ಲ. ಮಗ ಏನೋ ಪಾಪ ಮಾಡಿದ್ದಾನೆ, ತಾಯಿ ಅದನ್ನು ಮುಚ್ಚಿಡಲಾರದೆ ಹೇಳುತ್ತಿದ್ದಾಳೆ, ಎಷ್ಟಾದರೂ ಸತ್ಯವಂತೆ ಎಂದು ಅವರು ಅಂದುಕೊಂಡರಂತೆ. "ಏನ್ ಪಾಪಾ ಮಾಡ್ಯಾನ್ರೀ ಅಂವಾ?" ಎಂದು ಅವರು ಒಳಗೆ ಹೋಗಿ ತಮ್ಮ ಮಗನನ್ನು ಕೇಳಿದ್ದು, ನಮ್ಮ ಮದುವೆಯಾಗಿ ಮೂರು ವರ್ಷಗಳಾದ ಮೇಲೆ ನನ್ನ ಕಿವಿಗೆ ಬಿತ್ತು.

ಪಾಪ ಎಂದರೆ ದುಷ್ಕೃತ್ಯ ಎಂಬುದು ಸಂಸ್ಕೃತದಿಂದ ಬಂದ ಅರ್ಥ, ಅದು ಕರ್ನಾಟಕದ ಎಲ್ಲ ಕಡೆಯೂ ಇದೆ. ಯಾರಿಗಾದರೂ ಕಷ್ಟ ಬಂದಾಗ ಪಾಪ ಎಂದು ಉದ್ಗರಿಸುವುದೂ ಎಲ್ಲ ಕಡೆಯೂ ಇದೆ. ಮೊದಲನೆಯದರಿಂದ ಎರಡನೆಯದು ಹುಟ್ಟಿದ ಬಗೆಯನ್ನು ಊಹಿಸುವುದು ಕಷ್ಟವಲ್ಲ: ಯಾವ ಜನ್ಮದ ಪಾಪವೋ ಈಗ ಅನುಭವಿಸುತ್ತಿದ್ದಾನೆ ಎಂಬ ಮಾತು ಸವೆದು ಸವೆದು ಬರಿಯ ಪಾಪ ಎಂದಾಗಿರಬೇಕು. ಮೊದಲು ಅದರಲ್ಲಿ ತೀರ್ಪೂ ಇತ್ತು, ಮರುಕವೂ ಇತ್ತು. ತೀರ್ಪು ಕಳಚಿ ಮರುಕ ಉಳಿಯಿತು. ಕರಾವಳಿಯವರು ಅಲ್ಲಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಾರನ್ನು ನೋಡಿದರೆ ಪಾಪ ಎನಿಸುತ್ತದೆಯೋ ಅವನು ಪಾಪದವ, ಎಂದರೆ ಸಾಧು, ಯಾರ ಗೋಜಿಗೂ ಹೋಗದವನು. ಪಾಪಿಯ ತದ್ವಿರುದ್ಧ ಪಾಪದವ.

ಸಿಲ್ಲಿ ಎಂಬ ಶಬ್ದ ಪುಣ್ಯದಿಂದ ಹೊರಟು ಕನಿಕರಕ್ಕೆ ಬಂದು ಮುಂದೆ ದಡ್ಡತನಕ್ಕೆ ಇಳಿಯಿತು. ಪಾಪ ಎಂಬ ಶಬ್ದ ಅದರ ಎದುರು ದಿಕ್ಕಿನಿಂದ ಹೊರಟು ಅದೇ ಕನಿಕರದ ಕಟ್ಟೆಗೆ ಬಂದು, ಅಲ್ಲಿಂದ ನಿರಪರಾಧಿತನಕ್ಕೆ ಏರಿತು. ಕನಿಕರದ ಕಟ್ಟೆಯ ಮೇಲೆ ಕುಳಿತವನನ್ನು ನೋಡುವವನು ಸ್ವಲ್ಪ ಎತ್ತರದಲ್ಲಿ ನಿಂತಿರುತ್ತಾನೆ. ಆ ಎತ್ತರದಿಂದ ಪ್ರೀತಿಯೂ ಇಳಿದು ಬರಬಹುದು, ತಿರಸ್ಕಾರವೂ ಬರಬಹುದು. ಕರಾವಳಿಯ ಪಾಪದವ ಎಂಬುದರಲ್ಲಿಯೂ, ಹೇಳುವವರ ಸ್ವರವನ್ನು ಗಮನಿಸಿ ಕೇಳಿದರೆ, ಇವನನ್ನು ಯಾರು ಬೇಕಾದರೂ ಏಮಾರಿಸಬಹುದು ಎಂಬ ಎಳೆಯೊಂದು ಆಗಲೇ ಸೇರಿಕೊಂಡಿದೆ. ನನ್ನ ಹೆಂಡತಿ ಈಗ ನನ್ನನ್ನು ಪಾಪದವರು ಎಂದು ಕರೆಯುವುದು ಯಾವ ಮೆಟ್ಟಿಲಿನ ಅರ್ಥದಲ್ಲಿ ಎಂದು ನಾನು ಕೇಳಲು ಹೋಗಿಲ್ಲ.

ದೇವರಿಗೆ ಪ್ರಿಯನಾದವನು

ಧನ್ಯನು ದಡ್ಡನಾಗುವ ಈ ಇಳಿಜಾರು ಇಂಗ್ಲಿಷಿಗೆ ಮಾತ್ರ ಸೇರಿದ್ದಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಚಿನ್ನದ ಗಣಿಗೆ ಸಂಬಂಧಿಸಿದ ಎಂಜಿನಿಯರೊಬ್ಬರ ಕಣ್ಣಿಗೆ ಬಿದ್ದ ಶಾಸನದಿಂದಾಗಿ, ದೇವಾನಾಂಪ್ರಿಯ ಎಂದು ಬಂಡೆಗಳ ಮೇಲೆ ಬರೆಸಿದ ಅರಸನು ಅಶೋಕನೇ ಎಂಬುದು ಸ್ಪಷ್ಟವಾಯಿತು. ಬಿರುದಿನ ಜೊತೆಗೆ ಹೆಸರೂ ಅಲ್ಲಿತ್ತು. ದೇವರುಗಳಿಗೆ ಪ್ರಿಯನಾದವನು ಎಂಬುದಕ್ಕಿಂತ ದೊಡ್ಡ ಬಿರುದು ಇನ್ನೇನಿದ್ದೀತು? ಆದರೆ ಮುಂದಿನ ಕಾಲದ ಸಂಸ್ಕೃತ ವ್ಯಾಕರಣಕಾರರು ಇದೇ ಶಬ್ದಕ್ಕೆ ಮೂರ್ಖ ಎಂಬ ಅರ್ಥ ಹೇಳುತ್ತಾರೆ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಎದುರುವಾದಿಯನ್ನು ಕುರಿತು, ಈ ದೇವಾನಾಂಪ್ರಿಯನನ್ನು ಇಷ್ಟು ಕೇಳಬೇಕಾಗಿದೆ ಎಂದು ಬರೆಯುವಾಗ ಅದು ಹೊಗಳಿಕೆಯಲ್ಲ, ಮಹಾಶಯರು ದಯವಿಟ್ಟು ಉತ್ತರಿಸಬೇಕು ಎನ್ನುವಾಗ ನಾವು ಹಾಕುವ ಕೊಂಕು.

ಬೌದ್ಧಧರ್ಮವನ್ನು ಪೋಷಿಸಿದ ಅರಸನ ಮೇಲಿನ ದ್ವೇಷದಿಂದ ಪಂಡಿತರು ಅವನ ಬಿರುದನ್ನು ಬೈಗುಳವಾಗಿಸಿದರು ಎಂಬ ವಿವರಣೆಯನ್ನು ಕೆಲವರು ಕೊಡುತ್ತಾರೆ. ಅದು ಇರಬಹುದಾದ ಸಂಗತಿಯೇ. ಆದರೆ ನನಗೆ ಅದು ಅಷ್ಟು ಅಗತ್ಯವೆನಿಸುವುದಿಲ್ಲ. ಸೇಲಿ ಎಂಬ ಶಬ್ದದ ಮೇಲೆ ಯಾರಿಗೂ ದ್ವೇಷವಿರಲಿಲ್ಲ, ಧನ್ಯರ ವಿರುದ್ಧ ಇಂಗ್ಲೆಂಡಿನಲ್ಲಿ ಯಾವ ಪಂಗಡವೂ ಕತ್ತಿ ಮಸೆಯಲಿಲ್ಲ. ಆದರೂ ಅದು ಅದೇ ಗುಂಡಿಗೆ ಬಿತ್ತು. ಬುದ್ಧಿ ಸಾಲದವನನ್ನು ನೋಡಿ ದೇವರೇ ಇವನನ್ನು ಕಾಯಬೇಕು ಎಂದು ನಾವು ಹೇಳುತ್ತೇವೆ. ದೇವರ ಕಾವಲಿನಲ್ಲಿರುವವನು ಹಾಗೂ ತನ್ನ ಕಾವಲನ್ನು ತಾನು ಮಾಡಿಕೊಳ್ಳಲಾಗದವನು, ಇವರಿಬ್ಬರನ್ನೂ ಹೊರಗಿನಿಂದ ನೋಡುವವನಿಗೆ ಬೇರೆ ಮಾಡುವುದು ಸುಲಭವಲ್ಲ. ಪಿತೂರಿಯನ್ನು ಊಹಿಸುವ ಮೊದಲು, ಪಿತೂರಿ ಇಲ್ಲದೆಯೇ ಅದೇ ಫಲ ಬಂದ ಇನ್ನೊಂದು ಕಡೆಯನ್ನು ನೋಡುವುದು ಒಳ್ಳೆಯದು.

ಗಿರಣಿಯ ನೈಸು

ಮೇಲಕ್ಕೆ ಹತ್ತಿದವರೂ ಇದ್ದಾರೆ. 'ನೈಸ್' ಎಂಬುದರ ಬುಡ ಲ್ಯಾಟಿನ್ನಿನ ನೆಸ್ಕಿಯುಸ್, ಎಂದರೆ ಅರಿಯದವನು, ಅಜ್ಞ. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಪೆದ್ದ ಎಂದೇ ಇತ್ತು. ಚಾಸರನ ಕಾಲದವನೊಬ್ಬ ನಿಮ್ಮನ್ನು ನೈಸ್ ಎಂದಿದ್ದರೆ ಜಗಳ ತೆಗೆಯಬಹುದಾಗಿತ್ತು, ಸೇಲಿ ಎಂದಿದ್ದರೆ ಸುಮ್ಮನಿರಬಹುದಾಗಿತ್ತು. ಮುಂದಿನ ಮುನ್ನೂರು ವರ್ಷ ಈ ಶಬ್ದ ನಾಚಿಕೆ ಸ್ವಭಾವದ, ಅತಿ ಮಡಿಯ, ತಿಂಡಿ ಬಟ್ಟೆಗಳಲ್ಲಿ ನೂರೆಂಟು ಕೊಂಕು ತೆಗೆಯುವ ಎಂಬ ಅರ್ಥಗಳಲ್ಲೆಲ್ಲ ಅಲೆಯಿತು. ಹದಿನಾರು ಹದಿನೇಳನೆಯ ಶತಮಾನದ ಎಷ್ಟೋ ವಾಕ್ಯಗಳಲ್ಲಿ ಲೇಖಕನ ಮನಸ್ಸಿನಲ್ಲಿದ್ದದ್ದು ಯಾವುದು ಎಂದು ಹೇಳಲು ದೊಡ್ಡ ನಿಘಂಟುಕಾರರೂ ಹಿಂಜರಿಯುತ್ತಾರೆ. ಆದರೂ ಏರುದಾರಿ ಕಾಣುತ್ತದೆ: ಕೊಂಕು ತೆಗೆಯುವವನಿಗೆ ಸೂಕ್ಷ್ಮ ವ್ಯತ್ಯಾಸಗಳು ಕಾಣುತ್ತವೆ, ಆದ್ದರಿಂದ ನೈಸ್ ಎಂದರೆ ಸೂಕ್ಷ್ಮ, ನಿಖರ, ಅಂಥವನ ನಾಲಿಗೆಗೂ ಒಗ್ಗುವ ತಿನಿಸು ನಿಜಕ್ಕೂ ಸೊಗಸಾಗಿರಲೇಬೇಕು, ಆದ್ದರಿಂದ ಅದೂ ನೈಸ್. ಹದಿನೆಂಟನೆಯ ಶತಮಾನದ ಹೊತ್ತಿಗೆ ಹಿತವಾದದ್ದೆಲ್ಲ ನೈಸ್ ಆಗಿಹೋಗಿತ್ತು.

ಇದನ್ನು ಕಂಡು ಉರಿದುಕೊಂಡವರೂ ಆಗ ಇದ್ದರು. ಜೇನ್ ಆಸ್ಟೆನ್ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಪ್ರಕಟವಾದ ನಾರ್ಥ್ಯಾಂಗರ್ ಆ್ಯಬಿ ಕಾದಂಬರಿಯಲ್ಲಿ ಕ್ಯಾಥರೀನ್ ಎಂಬ ಹುಡುಗಿ ತಾನು ಓದಿದ ಪುಸ್ತಕವೊಂದು ಲೋಕದಲ್ಲಿಯೇ ಅತ್ಯಂತ ನೈಸ್ ಎನ್ನುತ್ತಾಳೆ. ಹೆನ್ರಿ ಟಿಲ್ನಿ, ಅಚ್ಚುಕಟ್ಟಾಗಿದೆ ಎಂದು ತಾನೇ ನಿಮ್ಮ ಅರ್ಥ, ಅದು ರಟ್ಟು ಕಟ್ಟಿದ ರೀತಿಯನ್ನು ಅವಲಂಬಿಸಿದೆ ಎಂದು ಕೆಣಕುತ್ತಾನೆ. ಮೊದಲು ಈ ಶಬ್ದ ಅಚ್ಚುಕಟ್ಟು, ನಾಜೂಕು, ಸಂಸ್ಕಾರಗಳಿಗೆ ಮಾತ್ರ ಸಲ್ಲುತ್ತಿತ್ತು, ಈಗ ಎಲ್ಲ ಹೊಗಳಿಕೆಗೂ ಇದೊಂದೇ ಎಂದು ಹಲುಬುತ್ತಾನೆ. ಈ ದೃಶ್ಯ ನನಗೆ ಇಷ್ಟ, ಏಕೆಂದರೆ ಟಿಲ್ನಿ ಮೊದಲಿನ ಅರ್ಥ ಎಂದುಕೊಂಡದ್ದು ಮೊದಲಿನದಲ್ಲ. ಅದು ಅವನ ತಾತಂದಿರ ಕಾಲದ ಅರ್ಥ. ಇನ್ನೂ ಹಿಂದಕ್ಕೆ ಹೋಗಿದ್ದರೆ ಅವನು ಆ ಪುಸ್ತಕವನ್ನು ಪೆದ್ದು ಪುಸ್ತಕ ಎನ್ನಬೇಕಾಗುತ್ತಿತ್ತು. ಶಬ್ದದ ಶುದ್ಧಾರ್ಥದ ಪರವಾಗಿ ವಾದಿಸುವವರು ಸಾಮಾನ್ಯವಾಗಿ ತಮಗಿಂತ ಒಂದೆರಡು ತಲೆಮಾರು ಹಿಂದೆ ಹೋಗಿ ನಿಂತುಬಿಡುತ್ತಾರೆ.

ಈ ಶಬ್ದದ ಪ್ರಯಾಣ ಕನ್ನಡದಲ್ಲಿ ಮುಂದುವರಿದಿದೆ ಎಂಬುದನ್ನು ಟಿಲ್ನಿಗೆ ಹೇಳುವವರು ಯಾರು? ನಮ್ಮ ಊರಿನ ಹಿಟ್ಟಿನ ಗಿರಣಿಯಲ್ಲಿ ಇಂಗ್ಲಿಷಿನ ಒಂದು ವಾಕ್ಯವೂ ಬಾರದ ಹೆಂಗಸರು ಡಬ್ಬಿ ಮುಂದಿಟ್ಟು, ಇದನ್ನು ನೈಸಾಗಿ ಬೀಸಿ, ಅದು ತರಿತರಿ ಇರಲಿ ಎನ್ನುತ್ತಾರೆ. ಅಲ್ಲಿ ನೈಸ್ ಎಂದರೆ ಚೆನ್ನಾಗಿ ಎಂದಲ್ಲ, ನುಣ್ಣಗೆ. ಅದರ ವಿರುದ್ಧ ಪದ ಕೆಟ್ಟದ್ದಲ್ಲ, ತರಿ. ಸಾಲ ಕೇಳಲು ಬಂದವನು ನೈಸ್ ಮಾಡುತ್ತಾನೆ, ಎಂದರೆ ಸವಿಮಾತಾಡಿ ಪುಸಲಾಯಿಸುತ್ತಾನೆ. ಕೊಡುವ ದಿನ ಬಂದಾಗ ನೈಸಾಗಿ ಜಾರಿಕೊಳ್ಳುತ್ತಾನೆ. ಹಿಟ್ಟಿನ ನುಣುಪು, ಮಾತಿನ ನುಣುಪು, ಜಾರುವ ನುಣುಪು, ಮೂರಕ್ಕೂ ಒಂದೇ ಶಬ್ದ. ನನ್ನ ಊಹೆಯೇನೆಂದರೆ, ನುಣುಪು ಹಾಗೂ ವಿನಯ ಎರಡನ್ನೂ ಹೇಳುವ ನಯ ಎಂಬ ಶಬ್ದ ನಮ್ಮಲ್ಲಿ ಮೊದಲೇ ಇದ್ದುದರಿಂದ ನೈಸು ಅದರ ಮಗ್ಗುಲಲ್ಲಿ ಹಾಯಾಗಿ ಮಲಗಿಕೊಂಡಿತು. ಅಜ್ಞತೆಯಿಂದ ಮೇಲೇರಿದ ಇನ್ನೊಂದು ಶಬ್ದವನ್ನು ಹುಡುಕಲು ಗಿರಣಿಯವರೆಗೂ ಹೋಗಬೇಕಾಗಿಲ್ಲ. ಮುಗ್ಧ ಮತ್ತು ಮೂಢ ಎರಡೂ ಮಂಕಾಗು, ದಿಕ್ಕುಗೆಡು ಎಂಬ ಅರ್ಥದ ಒಂದೇ ಸಂಸ್ಕೃತ ಧಾತುವಿನಿಂದ ಬಂದವು. ಒಂದನ್ನು ನಾವು ಮಗುವಿನ ನಗುವಿಗೆ ಇಟ್ಟುಕೊಂಡೆವು, ಇನ್ನೊಂದನ್ನು ನಂಬಿಕೆಗಳನ್ನು ಬೈಯಲು.

ದೊರೆ ಆಡಿದ ಮಾತು

'ಆಫುಲ್' ಎಂಬುದರ ಕಥೆಯನ್ನು ಎಲ್ಲರೂ ಒಂದೇ ಉದಾಹರಣೆಯಿಂದ ಹೇಳುತ್ತಾರೆ. ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು ನೋಡಿದ ದೊರೆ, ಅದನ್ನು ಕಟ್ಟಿದ ಕ್ರಿಸ್ಟೋಫರ್ ರೆನ್‌ನ ಎದುರು, ಇದು ಆಫುಲ್ ಆಗಿದೆ, ಆರ್ಟಿಫಿಶಿಯಲ್ ಆಗಿದೆ ಎಂದನಂತೆ. ಭಯಭಕ್ತಿ ಹುಟ್ಟಿಸುವಂತಿದೆ, ಕಲಾಕೌಶಲದಿಂದ ಕೂಡಿದೆ ಎಂದು ತಿಳಿದ ರೆನ್‌ಗೆ ಬಹಳ ಸಂತೋಷವಾಯಿತಂತೆ. ನಾನೂ ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಯಾವ ದೊರೆ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ ದಿನ ನಿಲ್ಲಿಸಿದೆ. ಒಬ್ಬರು ಎರಡನೆಯ ಚಾರ್ಲ್ಸ್ ಎನ್ನುತ್ತಾರೆ, ಇನ್ನೊಬ್ಬರು ಎರಡನೆಯ ಜೇಮ್ಸ್, ಮತ್ತೊಬ್ಬರು ರಾಣಿ ಆ್ಯನ್. ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1675ರಲ್ಲಿ, ಪೂರ್ಣಗೊಂಡಿತೆಂದು ಸಾರಿದ್ದು 1711ರಲ್ಲಿ. ಚಾರ್ಲ್ಸ್ 1685ರಲ್ಲಿಯೇ ತೀರಿಕೊಂಡಿದ್ದ, ಜೇಮ್ಸ್ 1688ರಲ್ಲಿ ದೇಶ ಬಿಟ್ಟಿದ್ದ. ಮಾತು ಗಟ್ಟಿಯಾಗಿ ಉಳಿದು ಆಡಿದವರ ಹೆಸರು ಮಾತ್ರ ಬದಲಾಗುತ್ತ ಹೋದರೆ ಅದು ದಂತಕಥೆಯ ಗುರುತು. ನಮ್ಮಲ್ಲಿ ಒಂದೇ ಚಾಟೂಕ್ತಿ ಒಮ್ಮೆ ತೆನಾಲಿ ರಾಮಕೃಷ್ಣನ ಬಾಯಲ್ಲಿ, ಇನ್ನೊಮ್ಮೆ ಬೀರಬಲ್ಲನ ಬಾಯಲ್ಲಿ ಕೇಳಿಬರುವುದಿಲ್ಲವೇ? ಆ ಕಾಲದಲ್ಲಿ ಎರಡೂ ಶಬ್ದಗಳು ಹೊಗಳಿಕೆಯಾಗಿದ್ದವು ಎಂಬುದು ಮಾತ್ರ ನಿಜ. ಜಾನ್ಸನ್ನನ ನಿಘಂಟಿನಲ್ಲಿಯೂ ಆಫುಲ್ ಎಂದರೆ ಭಯಭಕ್ತಿ ತುಂಬುವಂಥದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಬರಿಯ ಕೆಟ್ಟದ್ದಾಯಿತು, ಜೊತೆಗೆ ತುಂಬ ಎಂಬುದಕ್ಕೆ ಬದಲಿಯೂ ಆಯಿತು. ಭಯಂಕರ ಒಳ್ಳೆಯ ಮನುಷ್ಯ ಎಂದು ಹೊಗಳುವ ನಾವು ಇದಕ್ಕೆ ಆಶ್ಚರ್ಯಪಡಬೇಕಾಗಿಲ್ಲ.

ಈ ವರ್ಷ ಹೆನ್ರಿಯ ಸ್ವಗತ ಮತ್ತೆ ಪಠ್ಯಕ್ಕೆ ಬಂದಿತು. ಈ ಸಲ ನಾನು ಅರ್ಥ ಹೇಳಲಿಲ್ಲ. ದ್ರೋಹ ಎಂಬ ಶಬ್ದದ ಕೆಳಗೆ ಗೆರೆ ಎಳೆಯಿಸಿ, ಅದರ ಎದುರು ಕುರಿಗಳನ್ನು ಏನೆಂದು ಕರೆದರೆ ಸರಿಹೋದೀತು, ಕನ್ನಡದಲ್ಲಿಯೇ ಬರೆಯಿರಿ ಎಂದೆ. ಮುಗ್ಧ ಕುರಿಗಳು ಎಂದು ಹೆಚ್ಚಿನವರು ಬರೆದರು, ಬಡಪಾಯಿ ಕುರಿಗಳು ಎಂದು ಇಬ್ಬರು. ಬಂಟ್ವಾಳದಿಂದ ಬರುವ ಹುಡುಗಿಯೊಬ್ಬಳು ಪಾಪದ ಕುರಿಗಳು ಎಂದು ಬರೆದಿದ್ದಳು. ಅದನ್ನು ನಾನು ಗಟ್ಟಿಯಾಗಿ ಓದಿದಾಗ ಗದಗಿನ ಕಡೆಯ ಹುಡುಗ ತಲೆಯೆತ್ತಿ, "ಕುರಿ ಏನ್ ಪಾಪ ಮಾಡಿತ್ರಿ ಸರ್?" ಎಂದು ಕೇಳಿದ.